ಬುಕ್ ವ್ಯಾಲ್ಯೂನ ಎಂಟನೇ ಒಂದು ಭಾಗಕ್ಕೆ ಸಿಗುತ್ತಿದ್ದ ಬ್ಯಾಂಕ್ ಮರುದಿನ ಒಂದು ಯೂರೊಗೆ ಮಾರಾಟವಾಯಿತು

2017ರ ಜೂನ್ 6ರಂದು ಸ್ಪೇನ್‌ನ ಬಾಂಕೊ ಪಾಪ್ಯುಲರ್ ಷೇರು 0.317 ಯೂರೊದಲ್ಲಿ ದಿನ ಮುಗಿಸಿತು. ಆ ಬೆಲೆಯಲ್ಲಿ ಇಡೀ ಬ್ಯಾಂಕಿಗೆ ಮಾರುಕಟ್ಟೆ ಕಟ್ಟಿದ ಬೆಲೆ ಸುಮಾರು 133 ಕೋಟಿ ಯೂರೊ. ಬ್ಯಾಂಕ್ ತಾನೇ ಪ್ರಕಟಿಸಿದ್ದ ಲೆಕ್ಕದಲ್ಲಿ ಷೇರುದಾರರ ಪಾಲಿನ ಬಂಡವಾಳ, ಅಂದರೆ ಬುಕ್ ವ್ಯಾಲ್ಯೂ, ಇದ್ದದ್ದು 1,100 ಕೋಟಿ ಯೂರೊ ಆಸುಪಾಸು. ಅಂದರೆ ಬೆಲೆ-ಬುಕ್ ಅನುಪಾತ 0.12. ಪುಸ್ತಕದಲ್ಲಿ 100 ಅಂತ ಬರೆದಿರುವ ಬಂಡವಾಳ 12ಕ್ಕೆ ಸಿಗುತ್ತಿತ್ತು.

ಮರುದಿನ ಬೆಳಿಗ್ಗೆ ಯುರೋಪಿನ ನಿಯಂತ್ರಕರು ಆ ಬ್ಯಾಂಕನ್ನು ಸ್ಪೇನ್‌ನದೇ ದೊಡ್ಡ ಬ್ಯಾಂಕ್ ಸಾಂಟಾಂಡೆರ್‌ಗೆ ಒಂದು ಯೂರೊಗೆ ಕೊಟ್ಟರು. ಒಂದು ಕೋಟಿ ಅಲ್ಲ, ಒಂದೇ ಒಂದು ಯೂರೊ. ಸುಮಾರು 3 ಲಕ್ಷ ಷೇರುದಾರರ ಹಣ ಪೂರ್ತಿ ಹೋಯಿತು. ಅಂದರೆ 0.12 ಅನುಪಾತದಲ್ಲಿ ಕೊಂಡವರಿಗೂ ಅದು ದುಬಾರಿ ಷೇರೇ ಆಗಿತ್ತು.

ಇದು ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ ಬ್ಯಾಂಕುಗಳನ್ನು ಬುಕ್ ವ್ಯಾಲ್ಯೂ ಮೇಲೆ ಯಾಕೆ ಅಳೆಯುತ್ತಾರೆ ಅನ್ನುವಲ್ಲಿಂದ ಶುರು ಮಾಡಬೇಕು. ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿರುವ ಯಂತ್ರದ ಬೆಲೆಗೂ ಆ ಯಂತ್ರ ದುಡಿದು ಕೊಡುವ ಹಣಕ್ಕೂ ಅಷ್ಟೇನೂ ಸಂಬಂಧ ಇರುವುದಿಲ್ಲ. ಬ್ಯಾಂಕ್ ಹಾಗಲ್ಲ. ಅದರ ಆಸ್ತಿಯೆಲ್ಲ ಹಣದ ಲೆಕ್ಕದಲ್ಲೇ ಇರುತ್ತದೆ: ಕೊಟ್ಟ ಸಾಲ, ಕೊಂಡ ಬಾಂಡ್, ಕೈಯಲ್ಲಿರುವ ನಗದು. ಆದ್ದರಿಂದ ಪುಸ್ತಕದ ಅಂಕಿ ನಿಜಕ್ಕೆ ಹತ್ತಿರ ಇರಬೇಕು ಅನ್ನುವ ನಂಬಿಕೆ. ಸಾಲ ಕೊಡುವ ಫೈನಾನ್ಸ್ ಕಂಪನಿಗಳಿಗೂ ಇದೇ ಅಳತೆ.

ಒಂದು ಸಣ್ಣ ಬ್ಯಾಂಕ್ ತೆಗೆದುಕೊಳ್ಳಿ. ಅದು 100 ಸಾಲ ಕೊಟ್ಟಿದೆ. ಅದರಲ್ಲಿ 92 ಠೇವಣಿದಾರರದ್ದು, 8 ಮಾತ್ರ ಷೇರುದಾರರ ಸ್ವಂತ ಬಂಡವಾಳ. ಈ 8 ಅನ್ನೋದೇ ಬುಕ್ ವ್ಯಾಲ್ಯೂ. ಬಡ್ಡಿ, ಸಂಬಳ, ತೆರಿಗೆ ಎಲ್ಲ ಕಳೆದು ವರ್ಷಕ್ಕೆ 1.2 ಲಾಭ ಉಳಿದರೆ, ಬಂಡವಾಳದ ಮೇಲಿನ ಗಳಿಕೆ, ಅಂದರೆ ಆರ್‌ಒಇ, 15%. ಹೂಡಿಕೆದಾರರು ಈ ಅಪಾಯಕ್ಕೆ 10% ಬಂದರೆ ಸಾಕು ಅಂದುಕೊಂಡಿದ್ದರೆ, 1.2 ಲಾಭಕ್ಕಾಗಿ ಅವರು 12ರವರೆಗೆ ಕೊಡಲು ತಯಾರಿರುತ್ತಾರೆ. 8ರ ಬುಕ್‌ಗೆ 12ರ ಬೆಲೆ, ಅನುಪಾತ 1.5. ಗಳಿಕೆ 5%ಕ್ಕೆ ಇಳಿದರೆ ಲಾಭ 0.4, ಬೆಲೆ 4, ಅನುಪಾತ 0.5. ಬೆಳವಣಿಗೆಯನ್ನು ಸೇರಿಸಿದರೆ ಲೆಕ್ಕ ಸ್ವಲ್ಪ ತೊಡಕಾಗುತ್ತದೆ, ಆದರೆ ಹುರುಳು ಇಷ್ಟೇ.

ಹಾಗಾಗಿ ಅನುಪಾತ 1ಕ್ಕಿಂತ ಕೆಳಗೆ ಇದ್ದ ಮಾತ್ರಕ್ಕೆ ಷೇರು ಅಗ್ಗ ಅಂತಲ್ಲ. ಅದಕ್ಕೆ ಎರಡು ಕಾರಣ ಇರಬಹುದು. ಒಂದು, ಬುಕ್ ನಿಜವೇ, ಆದರೆ ಅದರಿಂದ ಗಳಿಕೆ ಕಡಿಮೆ. ಇನ್ನೊಂದು, ಬುಕ್ಕೇ ಸುಳ್ಳು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ.

ಬುಕ್ ಸುಳ್ಳಾಗುವುದು ಕೆಟ್ಟ ಸಾಲದಿಂದ. ಅದೇ ಬ್ಯಾಂಕಿನಲ್ಲಿ 100ರಲ್ಲಿ 5ರಷ್ಟು ಸಾಲ ಕೈಕೊಟ್ಟಿತು ಅಂದುಕೊಳ್ಳಿ. ಅಡವಿಟ್ಟದ್ದನ್ನು ಮಾರಿ ಅರ್ಧ ವಸೂಲಾಗುತ್ತದೆ, ಉಳಿದ 2.5 ಹೋಯಿತು. 100ರ ಲೆಕ್ಕದಲ್ಲಿ ಅದು ಜುಜುಬಿ. ಆದರೆ ಠೇವಣಿದಾರರ 92ರಲ್ಲಿ ಒಂದು ಪೈಸೆ ಕಡಿಮೆ ಕೊಡುವ ಹಾಗಿಲ್ಲ, ಆದ್ದರಿಂದ ನಷ್ಟ ಪೂರ್ತಿ ಬೀಳುವುದು ಆ 8ರ ಮೇಲೆ. ಆ ವರ್ಷದ 1.2 ಲಾಭ ಪೂರ್ತಿ ಇದಕ್ಕೇ ಹೋದರೂ ಬಂಡವಾಳ 6.7ಕ್ಕೆ ಇಳಿಯುತ್ತದೆ. ಸಾಲದ ನೂರರಲ್ಲಿ ಎರಡೂವರೆ ಭಾಗ ಹೋದರೆ ಎರಡು ವರ್ಷಕ್ಕಿಂತ ಜಾಸ್ತಿ ದುಡಿದ ಲಾಭ ಹೋದ ಹಾಗೆ.

ಇದನ್ನು ಪ್ರಾಮಾಣಿಕವಾಗಿ ಬರೆದ ಬ್ಯಾಂಕ್ ಆ ವರ್ಷ ನಷ್ಟ ತೋರಿಸುತ್ತದೆ. ಬರೆಯಲು ಮನಸ್ಸಿಲ್ಲದ ಬ್ಯಾಂಕ್ ಅದೇ ಸಾಲಗಾರನಿಗೆ ಇನ್ನಷ್ಟು ಸಾಲ ಕೊಟ್ಟು, ಆ ಹಣದಲ್ಲಿ ಹಳೇ ಸಾಲದ ಬಡ್ಡಿ ಕಟ್ಟಿಸಿಕೊಂಡು, ಎಲ್ಲ ಸರಿಯಿದೆ ಅನ್ನುತ್ತದೆ. ಅದರ ಆರ್‌ಒಇ ಆ ವರ್ಷವೂ 15%, ಬುಕ್ಕೂ ಹಾಗೇ. ತಮಾಷೆ ಅಂದರೆ ಪ್ರಾಮಾಣಿಕ ಬ್ಯಾಂಕಿನ ಆರ್‌ಒಇ ಮುಂದಿನ ವರ್ಷ ಮೊದಲಿಗಿಂತ ಚೆನ್ನಾಗಿ ಕಾಣಬಹುದು. ಲಾಭ 1.1ಕ್ಕೆ ಇಳಿದರೂ ಬಂಡವಾಳ 6.7 ಮಾತ್ರ ಇರುವುದರಿಂದ ಗಳಿಕೆ 16% ದಾಟುತ್ತದೆ. ನಷ್ಟ ಆದ ವರ್ಷವನ್ನು ಬಿಟ್ಟು ಬರೀ ಈ ವರ್ಷದ ಅಂಕಿ ತೋರಿಸುವವರನ್ನು ನಾನಂತೂ ನಂಬುವುದಿಲ್ಲ. ಕಡೇಪಕ್ಷ ಒಂದು ಪೂರ್ತಿ ಏರಿಳಿತದ ಸರಾಸರಿ ನೋಡಬೇಕು.

ಈಗ ಪಾಪ್ಯುಲರ್‌ಗೆ ಬರೋಣ. 1926ರಲ್ಲಿ ಶುರುವಾದ ಬ್ಯಾಂಕ್ ಅದು. ಸಣ್ಣ, ಮಧ್ಯಮ ಉದ್ಯಮಗಳಿಗೆ ಸಾಲ ಕೊಡುವುದರಲ್ಲಿ ಗಟ್ಟಿ, ಲಾಭದಲ್ಲೂ ಒಳ್ಳೇ ಹೆಸರು. 2000ದ ದಶಕದಲ್ಲಿ ಸ್ಪೇನ್‌ನ ಮನೆ, ಜಮೀನಿನ ಬೆಲೆ ಹುಚ್ಚು ಹಿಡಿದಂತೆ ಏರಿದಾಗ ಇದೂ ಬಿಲ್ಡರ್‌ಗಳಿಗೆ ಧಾರಾಳವಾಗಿ ಸಾಲ ಕೊಟ್ಟಿತು. 2008ರಲ್ಲಿ ಆ ಗುಳ್ಳೆ ಒಡೆಯಿತು. ವಿಚಿತ್ರ ನೋಡಿ, ಒಳ್ಳೆಯ ಕಾಲದಲ್ಲೇ ಮುಂದಿನ ನಷ್ಟಕ್ಕೆ ಹಣ ಎತ್ತಿಡಬೇಕು ಅನ್ನುವ ನಿಯಮವನ್ನು ಸ್ಪೇನ್ 2000ದಲ್ಲೇ ತಂದಿತ್ತು. ಬಿದ್ದ ಹೊಡೆತದ ಮುಂದೆ ಅದು ಏನೇನೂ ಸಾಲಲಿಲ್ಲ.

ಉಳಿದ ಯುರೋಪಿನಲ್ಲಿ ಅಷ್ಟೂ ಇರಲಿಲ್ಲ. ಆಗಿನ ಅಂತರರಾಷ್ಟ್ರೀಯ ಲೆಕ್ಕದ ನಿಯಮ ಐಎಎಸ್ 39 ಪ್ರಕಾರ, ನಷ್ಟ ಆಗಿದೆ ಅನ್ನೋದಕ್ಕೆ ಗುರುತು ಸಿಕ್ಕ ಮೇಲಷ್ಟೇ ಹಣ ಎತ್ತಿಡಬೇಕಿತ್ತು. ಮುಂದೆ ಆಗಬಹುದು ಅನ್ನೋದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಬುಕ್ ವ್ಯಾಲ್ಯೂ ಯಾವಾಗಲೂ ಸತ್ಯಕ್ಕಿಂತ ಒಂದೆರಡು ವರ್ಷ ಹಿಂದೆ ನಡೆಯುತ್ತಿತ್ತು. ಷೇರು ಮಾರುಕಟ್ಟೆ ಕಾಯಲಿಲ್ಲ, ಯುರೋಪಿನ ಎಷ್ಟೋ ಬ್ಯಾಂಕುಗಳ ಷೇರು ಬುಕ್‌ಗಿಂತ ಕೆಳಗಿಳಿದು ವರ್ಷಗಟ್ಟಲೆ ಅಲ್ಲೇ ಕೂತವು.

2012ರ ಸೆಪ್ಟೆಂಬರ್‌ನಲ್ಲಿ ಹೊರಗಿನ ಸಂಸ್ಥೆಯೊಂದು ಸ್ಪೇನ್‌ನ ಬ್ಯಾಂಕುಗಳ ಸಾಲವನ್ನು ಪರೀಕ್ಷಿಸಿದಾಗ, ಕೆಟ್ಟ ಪರಿಸ್ಥಿತಿ ಬಂದರೆ ಪಾಪ್ಯುಲರ್‌ಗೆ ಸುಮಾರು 320 ಕೋಟಿ ಯೂರೊ ಬಂಡವಾಳ ಕಡಿಮೆ ಬೀಳುತ್ತದೆ ಅಂತ ತಿಳಿಯಿತು. ಬ್ಯಾಂಕ್ ಸರ್ಕಾರದ ಹಣ ಬೇಡ ಅಂದು ಷೇರುದಾರರಿಂದಲೇ 250 ಕೋಟಿ ಎತ್ತಿತು. 2016ರಲ್ಲಿ ಮತ್ತೆ 250 ಕೋಟಿಗೆ ಬಂತು, ಷೇರಿಗೆ 1.25 ಯೂರೊದಂತೆ. ಆ ವರ್ಷವೇ ಸುಮಾರು 350 ಕೋಟಿ ನಷ್ಟ ತೋರಿಸಿತು. ಹೊಸದಾಗಿ ಬಂದ ಹಣ ಅದೇ ವರ್ಷ ಹಳೇ ಸಾಲದ ಗುಂಡಿಗೆ ಹೋಯಿತು, ಇನ್ನೂ ಗುಂಡಿ ತುಂಬಲಿಲ್ಲ.

ಆ ವರ್ಷದ ಕೊನೆಗೆ ಷೇರು ಬೆಲೆ ಬುಕ್‌ನ ಮೂರನೇ ಒಂದು ಭಾಗದಷ್ಟಿತ್ತು. ಅಗ್ಗ ಅಂತ ಅನ್ನಿಸುವ ಹಂತ ಅದೇ. ಆಗ ಯಾರಾದರೂ ಒಂದೇ ಒಂದು ಕೂಡು-ಕಳೆ ಲೆಕ್ಕ ಮಾಡಿದ್ದರೂ ಸಾಕಿತ್ತು. ವಸೂಲಾಗದ ಸಾಲ ಮತ್ತು ಸಾಲದ ಬದಲು ವಶಕ್ಕೆ ಬಂದ ಕಟ್ಟಡ, ಜಮೀನು ಎರಡೂ ಸೇರಿ ಸುಮಾರು 3,700 ಕೋಟಿ ಯೂರೊ. ಇದರಲ್ಲಿ ಅರ್ಧಕ್ಕೆ ಬ್ಯಾಂಕ್ ಹಣ ಎತ್ತಿಟ್ಟಿತ್ತು ಅಂತ ಉದಾರವಾಗಿಯೇ ಹಿಡಿಯೋಣ. ಆಗಲೂ 1,850 ಕೋಟಿ ರಕ್ಷಣೆ ಇಲ್ಲದೆ ನಿಂತಿದೆ. ಬಂಡವಾಳ 1,100 ಕೋಟಿ. ಆ 1,850ರಲ್ಲಿ ಶೇ 60ರಷ್ಟು ಮುಳುಗಿದರೆ ಷೇರುದಾರರದ್ದು ಅಂತ ಏನೂ ಉಳಿಯುವುದಿಲ್ಲ. ಆರ್‌ಒಇ ಅಂತೂ ಮೈನಸ್ಸಿನಲ್ಲಿತ್ತು.

ಗಮನಿಸಿ, ಇಲ್ಲಿ ವಶಕ್ಕೆ ಬಂದ ಆಸ್ತಿಯನ್ನೂ ಸೇರಿಸಿದ್ದೇವೆ. ಬರೀ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಶೇಕಡಾವಾರು ನೋಡಿದರೆ ಇದು ತಪ್ಪಿಹೋಗುತ್ತದೆ. ಬಿಲ್ಡರ್ ಕೈಯೆತ್ತಿ ಬ್ಯಾಂಕ್ ಅವನ ಅರೆಬರೆ ಕಟ್ಟಡ ತೆಗೆದುಕೊಂಡ ದಿನ ಕೆಟ್ಟ ಸಾಲ ಪಟ್ಟಿಯಿಂದ ಮಾಯವಾಗಿ 'ಇತರ ಆಸ್ತಿ' ಅಂತ ಬೇರೆ ಕಡೆ ಕೂರುತ್ತದೆ. ಸುಮ್ನೆ ಜಾಗ ಬದಲಾಯಿತು, ಅಷ್ಟೇ ಅಲ್ವಾ? ಇನ್ನೊಂದು ಕಣ್ಕಟ್ಟು ವೇಗವಾಗಿ ಬೆಳೆಯುವ ಫೈನಾನ್ಸ್ ಕಂಪನಿಗಳಲ್ಲಿ ಸಿಗುತ್ತದೆ. ಹೊಸ ಸಾಲ ಕೆಡಲು ಸಮಯ ಬೇಕು. ಒಟ್ಟು ಸಾಲ ವರ್ಷದಲ್ಲಿ ದುಪ್ಪಟ್ಟಾದರೆ, ಕೆಟ್ಟ ಸಾಲದ ಮೊತ್ತ ಹಾಗೇ ಇದ್ದರೂ ಅದರ ಶೇಕಡಾವಾರು ಅರ್ಧಕ್ಕೆ ಇಳಿಯುತ್ತದೆ.

2017ರ ಏಪ್ರಿಲ್ 3ರಂದು ಪಾಪ್ಯುಲರ್ ತನ್ನ ಹಿಂದಿನ ಲೆಕ್ಕದಲ್ಲಿ ತಿದ್ದುಪಡಿ ಬೇಕು ಅಂತ ತಿಳಿಸಿತು. ಕೆಲವು ಸಾಲಗಳಿಗೆ ಎತ್ತಿಟ್ಟ ಹಣ ಸಾಲದು ಅನ್ನೋದು ಕಾರಣಗಳಲ್ಲಿ ಒಂದು. ಮೊತ್ತ ದೊಡ್ಡದೇನಲ್ಲ. ಆದರೆ ಬುಕ್ ಮೇಲಿನ ನಂಬಿಕೆಯೇ ಬ್ಯಾಂಕಿನ ಉಸಿರು. ಅದು ಹೋದಾಗ ಠೇವಣಿದಾರರು ಹಣ ತೆಗೆಯಲು ಶುರು ಮಾಡಿದರು. ಜೂನ್ ಮೊದಲ ವಾರ ಕೈಯಲ್ಲಿ ನಗದು ಮುಗಿಯಿತು. ಕಾಗದದ ಮೇಲೆ ಬ್ಯಾಂಕ್ ಸತ್ತದ್ದು ನಗದಿನ ಕೊರತೆಯಿಂದಲೇ, ಕೆಟ್ಟ ಸಾಲದಿಂದ ಅಲ್ಲ. ಜನ ಓಡಿದ್ದು ಯಾಕೆ ಅಂತ ಕೇಳಿದರೆ ಮತ್ತೆ ಕೆಟ್ಟ ಸಾಲಕ್ಕೇ ಬರುತ್ತೇವೆ.

ಮಾರಾಟಕ್ಕೆ ಮುಂಚೆ ಅವಸರದಲ್ಲಿ ಮಾಡಿಸಿದ ಮೌಲ್ಯಮಾಪನದಲ್ಲಿ ಬ್ಯಾಂಕಿನ ಬೆಲೆ ಮೈನಸ್ 200 ಕೋಟಿ ಅಂತ ಅಂದಾಜಾಯಿತು, ತೀರಾ ಕೆಟ್ಟರೆ ಮೈನಸ್ 820 ಕೋಟಿ. ಇಷ್ಟು ಅಗಲದ ಅಂದಾಜು ಯಾವ ಲೆಕ್ಕ ಅಂತ ಷೇರುದಾರರು ಕೋರ್ಟಿಗೆ ಹೋದರು. ಅವರ ಸಿಟ್ಟು ನ್ಯಾಯವೇ. ಆದರೆ ನಂತರ ಬಂದ ಅಂಕಿ ಅವರ ಕಡೆಗಿಲ್ಲ. ಸಾಂಟಾಂಡೆರ್ ಆ ಕೆಟ್ಟ ಆಸ್ತಿಗಾಗಿ ಇನ್ನೂ 790 ಕೋಟಿ ಎತ್ತಿಟ್ಟಿತು. ಅದೇ ಆಗಸ್ಟ್‌ನಲ್ಲಿ ಪುಸ್ತಕದ ಮೂಲ ಮೊತ್ತ ಸುಮಾರು 3,000 ಕೋಟಿ ಇದ್ದ ರಿಯಲ್ ಎಸ್ಟೇಟ್ ಗಂಟಿನ ಶೇ 51 ಪಾಲನ್ನು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲಾಕ್‌ಸ್ಟೋನ್‌ಗೆ ಕೊಟ್ಟಾಗ, ಆ ಇಡೀ ಗಂಟಿಗೆ ಕಟ್ಟಿದ ಬೆಲೆ ಸುಮಾರು 1,000 ಕೋಟಿ. ಮೂರರಲ್ಲಿ ಒಂದು ಪಾಲು.

2018ರ ಜನವರಿಯಿಂದ ಐಎಎಸ್ 39 ಜಾಗಕ್ಕೆ ಐಎಫ್‌ಆರ್‌ಎಸ್ 9 ಬಂತು. ಈಗ ಸಾಲ ಕೊಟ್ಟ ದಿನವೇ ಮುಂದಿನ 12 ತಿಂಗಳಲ್ಲಿ ಕೆಡುವ ಸಾಧ್ಯತೆಗೆ ಒಂದಿಷ್ಟು ಹಣ ಎತ್ತಿಡಬೇಕು, ಇದು ಮೊದಲ ಹಂತ. ಸಾಲಗಾರನ ಸ್ಥಿತಿ ಗಮನಾರ್ಹವಾಗಿ ಹದಗೆಟ್ಟರೆ ಸಾಲದ ಪೂರ್ತಿ ಅವಧಿಯ ನಷ್ಟಕ್ಕೆ ಎತ್ತಿಡಬೇಕು, ಅದು ಎರಡನೇ ಹಂತ. ನಿಜವಾಗಿ ಕೆಟ್ಟದ್ದು ಮೂರನೇ ಹಂತ. ಲೆಕ್ಕ ಮೊದಲಿಗಿಂತ ಬೇಗ ಸತ್ಯ ಹೇಳುತ್ತದೆ ಅನ್ನೋದು ನಿಜ. ಆದರೆ ಯಾವ ಸಾಲ ಯಾವ ಹಂತದ್ದು, ಕೆಟ್ಟರೆ ಎಷ್ಟು ವಸೂಲಾಗುತ್ತದೆ ಅನ್ನುವ ಅಂದಾಜು ಈಗಲೂ ಬ್ಯಾಂಕಿನದ್ದೇ. ನಾನು ಯಾವುದೇ ಬ್ಯಾಂಕಿನ ವಾರ್ಷಿಕ ವರದಿ ತೆರೆದರೂ ಬೆಲೆ-ಬುಕ್ ಅನುಪಾತ ನೋಡುವ ಮುಂಚೆ ಆ ಎರಡನೇ ಹಂತದ ಮೊತ್ತ ಹಿಂದಿನ ವರ್ಷಕ್ಕಿಂತ ಎಷ್ಟು ಏರಿದೆ, ಅದರಲ್ಲಿ ಮೂರನೇ ಹಂತಕ್ಕೆ ಜಾರಿದ್ದೆಷ್ಟು ಅಂತ ಟಿಪ್ಪಣಿಗಳಲ್ಲಿ ಹುಡುಕುತ್ತೇನೆ. ಆಮೇಲೆ ಮೂರನೇ ಹಂತದ ಸಾಲದಲ್ಲಿ ಹಣ ಎತ್ತಿಡದೆ ಉಳಿದದ್ದನ್ನು ಬಂಡವಾಳದಿಂದ ಕಳೆದು, ಉಳಿದ ಅಂಕಿಯ ಮೇಲೆ ಅನುಪಾತವನ್ನು ಹೊಸದಾಗಿ ಹಾಕುತ್ತೇನೆ.