5.6 ಸೆಂ.ಮೀ. ಸಿಸ್ಟ್: ಒಳಗಿರುವುದು ನೀರೋ, ರಕ್ತವೋ, ಗಡ್ಡೆಯೋ?

ಹೊಟ್ಟೆ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಒಂದು ದಿನ 31 ವರ್ಷದ ಹೆಂಗಸೊಬ್ಬರು ತಾಯಿಯ ಜೊತೆ ಬಂದರು, ಕೈಯಲ್ಲಿ ಬೇರೆ ಕಡೆ ಮಾಡಿಸಿದ ರಿಪೋರ್ಟ್ ಇತ್ತು. ಬಲಗಡೆ ಅಂಡಾಶಯದಲ್ಲಿ ಸಿಸ್ಟ್, ಅಂದರೆ ದ್ರವ ತುಂಬಿದ ಚೀಲ, 5.6 × 5.0 × 4.4 ಸೆಂ.ಮೀ., ಮುಂದೆ 'ಇಂಟರ್ನಲ್ ಎಕೋಸ್' ಅಂತ ಎರಡು ಪದ, ಅಷ್ಟೇ. ಎರಡು ದಿನದಿಂದ ಕೆಳಹೊಟ್ಟೆ ಬಲಭಾಗದಲ್ಲಿ ನೋವು. ಆಪರೇಷನ್ ಬೇಕಾಗಬಹುದು ಅಂತ ಯಾರೋ ಹೇಳಿದ್ದಾರೆ. ತಾಯಿ ಕೂರುವ ಮೊದಲೇ ಕೇಳಿದರು, "ಡಾಕ್ಟ್ರೇ, ಐದೂವರೆ ಅಂದ್ರೆ ತುಂಬಾ ದೊಡ್ಡದಲ್ವಾ? ಕ್ಯಾನ್ಸರ್ ಏನಾದ್ರೂ...?"

ನಾನು ಕೇಳಿದ ಮೊದಲ ಪ್ರಶ್ನೆ ಸೈಜಿನ ಬಗ್ಗೆ ಅಲ್ಲ. "ಕೊನೆಯ ಸಲ ಮುಟ್ಟಾಗಿದ್ದು ಯಾವತ್ತು?" ಲೆಕ್ಕ ಹಾಕಿದಾಗ ಆ ಸ್ಕ್ಯಾನ್ ಮಾಡಿದ್ದು 24ನೇ ದಿನ ಅಂತ ಗೊತ್ತಾಯಿತು. ಆ ಒಂದು ಸಂಖ್ಯೆಯಿಂದಲೇ ನನಗೆ ಅರ್ಧ ಸಮಾಧಾನವಾಯಿತು. ಯಾಕೆ ಅಂತ ಹೇಳುತ್ತೇನೆ.

ಮುಟ್ಟಾಗುವ ವಯಸ್ಸಿನಲ್ಲಿ ಅಂಡಾಶಯ ಪ್ರತಿ ತಿಂಗಳೂ ಒಂದು ನೀರಿನ ಚೀಲ ಮಾಡುತ್ತದೆ. ಮೊಟ್ಟೆ ಬೆಳೆಯುವುದು ಆ ಚೀಲದೊಳಗೇ. ಅದು 2ರಿಂದ 2.5 ಸೆಂ.ಮೀ. ಆದಾಗ ಒಡೆದು ಮೊಟ್ಟೆ ಹೊರಬರುತ್ತದೆ. ಒಡೆದ ಚೀಲ ಅಲ್ಲಿಗೇ ಮುಗಿಯುವುದಿಲ್ಲ. ಅದರ ಗೋಡೆ ದಪ್ಪವಾಗಿ, ಗೋಡೆಯ ತುಂಬಾ ಹೊಸ ರಕ್ತನಾಳಗಳು ಬೆಳೆದು, ಇನ್ನೆರಡು ವಾರ ಹಾರ್ಮೋನ್ ಮಾಡುತ್ತದೆ. ಇದಕ್ಕೆ ಕಾರ್ಪಸ್ ಲೂಟಿಯಂ ಅನ್ನುತ್ತಾರೆ. ಹೊಸ ನಾಳಗಳು ನಾಜೂಕು, ಒಂದು ಸೋರಿದರೂ ಚೀಲದೊಳಗೆ ರಕ್ತ ತುಂಬುತ್ತದೆ, ಚೀಲ ಉಬ್ಬುತ್ತದೆ, ನೋಯುತ್ತದೆ. ಇದೆಲ್ಲ ಆಗುವುದು ಮುಟ್ಟಿಗೆ ಮುಂಚಿನ ಎರಡು ವಾರದಲ್ಲಿ. ಹಾಗಾಗಿ 24ನೇ ದಿನದ ಸ್ಕ್ಯಾನ್‌ನಲ್ಲಿ ರಕ್ತ ತುಂಬಿದ ಸಿಸ್ಟ್ ಕಂಡರೆ ಮೊದಲು ಅನುಮಾನಪಡಬೇಕಾದದ್ದು ಇದನ್ನೇ.

ಇದೇ ಕಾರಣಕ್ಕೆ, ಮುಟ್ಟು ನಿಲ್ಲದವರ ರಿಪೋರ್ಟ್‌ನಲ್ಲಿ 3 ಸೆಂ.ಮೀ.ವರೆಗಿನ ತಿಳಿನೀರಿನ ಚೀಲವನ್ನು ಕಾಯಿಲೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. (ಪಿಸಿಓಡಿ ಅಂತ ಬರೆದಿದ್ದರೆ ಅದು ಬೇರೆ ವಿಷಯ. ಅಲ್ಲಿ ಕಾಣುವುದು ಬೆಳೆಯದೆ ಉಳಿದ ಪುಟ್ಟ ಚೀಲಗಳು, ಅವನ್ನು ಯಾರೂ ಆಪರೇಷನ್ ಮಾಡಿ ತೆಗೆಯುವುದಿಲ್ಲ.)

ಸೈಜಿನ ವಿಷಯದಲ್ಲಿ ಜನ ಎರಡು ಕಡೆ ಸುಮ್ನೆ ಗಾಬರಿಯಾಗುತ್ತಾರೆ. ಒಂದು, ಕೆಲವರು ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ, '56 ಮಿ.ಮೀ.' ಅಂದರೂ '5.6 ಸೆಂ.ಮೀ.' ಅಂದರೂ ಒಂದೇ. ಇನ್ನೊಂದು, ಮೂರು ಅಳತೆ ನೋಡಿ ತುಂಬಾ ದೊಡ್ಡದು ಅಂದುಕೊಳ್ಳುತ್ತಾರೆ. ಆದರೆ ಅವನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಒಳಗೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅಂತ ಸಿಗುತ್ತದೆ. ಇವರದ್ದು ಸುಮಾರು 64. ಸಣ್ಣ ಲೋಟದ ಕಾಫಿಗಿಂತ ಕಡಿಮೆ. ಹಾಗೆಯೇ ಮೊದಲ ಸ್ಕ್ಯಾನ್‌ನಲ್ಲಿ 4.1, ಎರಡನೆಯದರಲ್ಲಿ 4.4 ಅಂತ ಬಂದರೆ ಬೆಳೆದಿದೆ ಅನ್ನಲಾಗದು. ಅಳೆಯುವ ಕೈ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಸೈಜ್‌ಗಿಂತ ಜಾಸ್ತಿ ಗಮನ ಕೊಡಬೇಕಾದದ್ದು ಅದರ ಪಕ್ಕದ ಪದಗಳಿಗೆ. ಅಲ್ಟ್ರಾಸೌಂಡ್ ಕೆಲಸ ಮಾಡುವುದು ಮರುದನಿಯಿಂದ. ಶಬ್ದ ಒಳಗೆ ಹೋಗುತ್ತದೆ, ಎರಡು ಬೇರೆ ಬೇರೆ ಪದಾರ್ಥ ಸೇರುವ ಕಡೆಯಲ್ಲೆಲ್ಲ ಸ್ವಲ್ಪ ವಾಪಸ್ ಬರುತ್ತದೆ. ತಿಳಿನೀರಿನಲ್ಲಿ ಸೇರುವ ಜಾಗವೇ ಇಲ್ಲ, ಹಾಗಾಗಿ ಏನೂ ವಾಪಸ್ ಬರುವುದಿಲ್ಲ, ಪರದೆ ಮೇಲೆ ಕಪ್ಪಗೆ ಕಾಣುತ್ತದೆ. ನೀರಿನಲ್ಲಿ ಶಬ್ದ ಸೊರಗದೆ ದಾಟುವುದರಿಂದ ಚೀಲದ ಹಿಂದಿನ ಭಾಗ ಸುತ್ತಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ಪೂರ್ತಿ ಕಪ್ಪು, ತೆಳುವಾದ ನುಣುಪು ಗೋಡೆ, ಒಳಗೆ ಏನೂ ಇಲ್ಲ, ಹಿಂದೆ ಹೊಳಪು: ಈ ನಾಲ್ಕೂ ಇದ್ದರೆ ರಿಪೋರ್ಟ್‌ನಲ್ಲಿ 'ಸಿಂಪಲ್ ಸಿಸ್ಟ್' ಅಂತ ಬರುತ್ತದೆ. ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಮುಟ್ಟಾಗುತ್ತಿರುವವರಲ್ಲಿ 5 ಸೆಂ.ಮೀ. ಒಳಗಿದ್ದರೆ ಮತ್ತೆ ನೋಡುವುದೂ ಬೇಕಿಲ್ಲ. ಮುಟ್ಟು ನಿಂತವರಲ್ಲಿ ಈ ಗೆರೆ 3 ಸೆಂ.ಮೀ.ಗೆ ಇಳಿಯುತ್ತದೆ, ಯಾಕೆಂದರೆ ಅವರಲ್ಲಿ ತಿಂಗಳ ಚೀಲ ಆಗಬೇಕಾದ ಕಾರಣವೇ ಉಳಿದಿಲ್ಲ. ಅದಕ್ಕಿಂತ ದೊಡ್ಡದಿದ್ದು 10 ಸೆಂ.ಮೀ. ಒಳಗಿದ್ದರೆ ಸಾಮಾನ್ಯವಾಗಿ ವರ್ಷದೊಳಗೆ ಇನ್ನೊಂದು ಸ್ಕ್ಯಾನ್. 10 ದಾಟಿದರೆ ನೀರು ತಿಳಿಯಾಗಿದ್ದರೂ ಸ್ತ್ರೀರೋಗ ತಜ್ಞರ ಜೊತೆ ತೆಗೆಯುವ ಮಾತು ಶುರುವಾಗುತ್ತದೆ.

'ಇಂಟರ್ನಲ್ ಎಕೋಸ್' ಅಂದರೆ ಒಳಗೆ ತಿಳಿನೀರಿಲ್ಲ, ಏನೋ ಇದೆ ಅಂತ ಮಾತ್ರ. ಏನಿದೆ ಅಂತ ಹೇಳದೆ ಅಲ್ಲಿಗೇ ನಿಲ್ಲಿಸಿದ ರಿಪೋರ್ಟ್ ಅರ್ಧ ರಿಪೋರ್ಟ್ ಅಂತಲೇ ನನ್ನ ಅಭಿಪ್ರಾಯ. ಈ ಅರ್ಧ ವಾಕ್ಯದಿಂದ ಹೆದರಿ ಬಂದವರನ್ನು ನಾನು ತುಂಬಾ ನೋಡಿದ್ದೇನೆ.

ನಾನು ಮತ್ತೆ ಸ್ಕ್ಯಾನ್ ಮಾಡಿದೆ, ಯೋನಿಯ ಮೂಲಕ ಒಳಗಿನಿಂದ ನೋಡುವ ಟಿವಿಎಸ್. ಹೊಟ್ಟೆ ಮೇಲಿನಿಂದ ಮಸುಕಾಗಿ ಕಾಣುವುದು ಇದರಲ್ಲಿ ಸ್ಪಷ್ಟವಾಗುತ್ತದೆ. ಒಳಗೆ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಎಳೆಗಳಿದ್ದವು. ರಕ್ತ ಹೆಪ್ಪುಗಟ್ಟಿ ಒಡೆಯುವಾಗ ಉಳಿಯುವ ಎಳೆಗಳು ಅವು. ಒಂದು ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡ ಬೂದು ಬಣ್ಣದ ಉಂಡೆ ಇತ್ತು. ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲೇ. ಹೆಪ್ಪುಗಟ್ಟಿದ ರಕ್ತವೂ ಗಡ್ಡೆಯೂ ಮೊದಲ ನೋಟಕ್ಕೆ ಒಂದೇ ತರಹ ಕಾಣುತ್ತವೆ. ಬೇರೆ ಮಾಡುವುದಕ್ಕೆ ಮೂರು ಗುರುತು ನೋಡುತ್ತೇವೆ. ಹೆಪ್ಪು ಕುಗ್ಗುತ್ತಾ ಹೋಗುತ್ತದೆ, ಅದರಿಂದ ಅಂಚು ಒಳಕ್ಕೆ ಬಾಗಿರುತ್ತದೆ ಅಥವಾ ಮೂಲೆ ಮೂಲೆಯಾಗಿರುತ್ತದೆ. ಗಡ್ಡೆ ಬೆಳೆಯುವಂಥದ್ದು, ಅಂಚು ಹೊರಕ್ಕೆ ಉಬ್ಬಿರುತ್ತದೆ. ಸ್ಕ್ಯಾನ್ ಮಾಡುವ ಪ್ರೋಬ್‌ನಿಂದ ಮೆಲ್ಲಗೆ ಒತ್ತಿದರೆ ಹೆಪ್ಪು ಜೆಲ್ಲಿಯ ಹಾಗೆ ಅಲುಗುತ್ತದೆ. ಕೊನೆಯದು ಡಾಪ್ಲರ್, ಅಂದರೆ ರಕ್ತ ಓಡುವುದನ್ನು ಬಣ್ಣದಲ್ಲಿ ತೋರಿಸುವುದು. ಹೆಪ್ಪಿನೊಳಗೆ ನಾಳ ಇರುವುದಿಲ್ಲ. ಇವರಲ್ಲಿ ಚೀಲದ ಗೋಡೆಯ ಸುತ್ತ ಬಣ್ಣ ಕಾಣಿಸಿತು, ಉಂಡೆಯೊಳಗೆ ಒಂದು ಚುಕ್ಕಿಯೂ ಇಲ್ಲ. ರಿಪೋರ್ಟ್‌ನಲ್ಲಿ 'ಹೆಮರಾಜಿಕ್ ಸಿಸ್ಟ್', ಅಂದರೆ ರಕ್ತ ತುಂಬಿದ ಸಿಸ್ಟ್ ಅಂತ ಬರೆದೆ.

ಇದರ ಜೊತೆ ಗೊಂದಲವಾಗುವುದು ಚಾಕೊಲೇಟ್ ಸಿಸ್ಟ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅಂಡಾಶಯದಲ್ಲಿ ಕೂತು, ತಿಂಗಳು ತಿಂಗಳು ಅಲ್ಲೇ ರಕ್ತ ಸೋರಿ ಸೇರುವುದು. ಹಳೇ ರಕ್ತ ಗಟ್ಟಿಯಾಗಿ ಎಲ್ಲ ಕಡೆ ಒಂದೇ ಸಮ ಬೂದು ಬಣ್ಣವಾಗಿ, ಮಂಜು ಹಿಡಿದ ಗಾಜಿನ ಹಾಗೆ ಕಾಣುತ್ತದೆ. ಆದರೆ ಕೆಲವೊಮ್ಮೆ ಆ ಒಂದು ದಿನದ ಚಿತ್ರದಿಂದ ಎರಡನ್ನೂ ಬೇರೆ ಮಾಡಲಾಗುವುದಿಲ್ಲ. ಆಗ ತೀರ್ಮಾನ ಮಾಡುವುದು ಕಾಲ: ತಾಜಾ ರಕ್ತದ ಸಿಸ್ಟ್ ಎರಡು ಮೂರು ತಿಂಗಳಲ್ಲಿ ಕರಗುತ್ತದೆ, ಚಾಕೊಲೇಟ್ ಸಿಸ್ಟ್ ಅಲ್ಲೇ ಇರುತ್ತದೆ. ಉಳಿದರೂ ತಕ್ಷಣ ತೆಗೆಯಬೇಕು ಅಂತಿಲ್ಲ. ಮಕ್ಕಳು ಬೇಕು ಅಂದುಕೊಂಡಿರುವವರು ತೆಗೆಯಲೇಬೇಕಾ ಅಂತ ಅವಶ್ಯ ಕೇಳಬೇಕು, ಯಾಕೆಂದರೆ ಆ ಸಿಸ್ಟ್ ಬಿಡಿಸುವಾಗ ಅಂಟಿಕೊಂಡ ಒಳ್ಳೆಯ ಭಾಗವೂ ಹೋಗಿ ಉಳಿದ ಮೊಟ್ಟೆಗಳ ಸಂಖ್ಯೆ ಕಡಿಮೆಯಾಗಬಹುದು.

31 ವರ್ಷದ ಆ ಹೆಂಗಸಿಗೆ ಒಂಬತ್ತು ವಾರ ಬಿಟ್ಟು ಬನ್ನಿ, ಮುಟ್ಟು ಶುರುವಾದ 5ರಿಂದ 10ನೇ ದಿನದ ಒಳಗೆ ಅಂತ ಹೇಳಿದೆ. ಆ ದಿನಗಳಲ್ಲಿ ಹಳೇ ಚೀಲ ಹೋಗಿರುತ್ತದೆ, ಹೊಸದು ಇನ್ನೂ ದೊಡ್ಡದಾಗಿರುವುದಿಲ್ಲ. ಮತ್ತೆ 24ನೇ ದಿನವೇ ಬಂದರೆ ಹೊಸದೊಂದು ಸಿಸ್ಟ್ ಕಂಡು, ಹಳೆಯದೇ ಉಳಿದಿದೆ ಅಂತ ತಪ್ಪು ತಿಳಿಯಬಹುದು. ಕಾಯುವಾಗ ಇರುವ ದೊಡ್ಡ ಭಯ ಸಿಸ್ಟ್ ತಿರುಚಿಕೊಳ್ಳುವುದು. ತೂಕ ಜಾಸ್ತಿಯಾದ ಅಂಡಾಶಯ ತನ್ನ ಕಾಂಡದ ಮೇಲೆ ಸುತ್ತಿಕೊಂಡು ರಕ್ತ ನಿಂತುಹೋಗುತ್ತದೆ. ಒಮ್ಮೆಲೇ ಒಂದು ಬದಿಗೆ ತಡೆಯಲಾರದ ನೋವು, ಜೊತೆಗೆ ವಾಂತಿ, ಇಷ್ಟಾದರೆ ರಾತ್ರಿಯೇ ಆಗಲಿ ಆಸ್ಪತ್ರೆಗೆ ಹೋಗಬೇಕು. ಡಾಪ್ಲರ್‌ನಲ್ಲಿ ರಕ್ತ ಓಡುವುದು ಕಂಡರೂ ತಿರುಚಿರಬಹುದು, ಅದಕ್ಕೆ ಚಿತ್ರಕ್ಕಿಂತ ನೋವನ್ನು ನಂಬಬೇಕು. ಬೇಗ ಬಿಚ್ಚಿದರೆ ಅಂಡಾಶಯ ಉಳಿಯುತ್ತದೆ. ಹೀಗೆ ತಿರುಚಿಕೊಳ್ಳುವುದೇ ಅಪರೂಪ: ಸ್ಕ್ಯಾನ್‌ನಲ್ಲಿ ನಿರಪಾಯ ಅಂತ ಕಂಡ ಸಿಸ್ಟ್ ಇದ್ದ 1,919 ಹೆಂಗಸರನ್ನು ಆಪರೇಷನ್ ಮಾಡದೆ ಎರಡು ವರ್ಷ ಗಮನಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ತಿರುಚಿದ್ದು ಸಾವಿರಕ್ಕೆ ನಾಲ್ಕು, ಕ್ಯಾನ್ಸರ್ ಅಂತ ತಿಳಿದದ್ದೂ ಸಾವಿರಕ್ಕೆ ನಾಲ್ಕು. ಐದರಲ್ಲಿ ಒಬ್ಬರಿಗೆ ಸಿಸ್ಟ್ ತಾನಾಗೇ ಹೋಗಿತ್ತು.

ಇದಕ್ಕೆ ಪೂರ್ತಿ ವಿರುದ್ಧದ ಇನ್ನೊಂದು ರಿಪೋರ್ಟ್ ಹೇಳುತ್ತೇನೆ. ವಯಸ್ಸು 58, ಮುಟ್ಟು ನಿಂತು ಏಳು ವರ್ಷ. ಸಿಸ್ಟ್ ಬರೀ 4.2 ಸೆಂ.ಮೀ., ನೋವೂ ಇಲ್ಲ, ನೀರೂ ಹೆಚ್ಚುಕಡಿಮೆ ಕಪ್ಪು. ಸೈಜ್ ನೋಡಿದರೆ ಮೊದಲಿನದ್ದಕ್ಕಿಂತ ಚಿಕ್ಕದು. ಆದರೆ ಒಳಗೋಡೆಯಿಂದ 8 ಮಿ.ಮೀ.ನಷ್ಟು ಒಂದು ಮೊಗ್ಗು ಚೀಲದೊಳಕ್ಕೆ ಚಾಚಿತ್ತು, ಒತ್ತಿದರೆ ಅಲುಗಲಿಲ್ಲ, ಡಾಪ್ಲರ್ ಹಾಕಿದಾಗ ಅದರೊಳಗೆ ರಕ್ತ ಓಡುತ್ತಿತ್ತು. ಹೆಪ್ಪಿಗೆ ರಕ್ತನಾಳ ಬೆಳೆಯುವುದಿಲ್ಲ, ಅಂದರೆ ಅದು ಜೀವಂತ ಅಂಗಾಂಶ. ಇಂಥದ್ದನ್ನು ಆರು ತಿಂಗಳು ಬಿಟ್ಟು ನೋಡೋಣ ಅನ್ನುವ ಹಾಗಿಲ್ಲ. ಮೊಗ್ಗುಗಳು ನಾಲ್ಕು ಅಥವಾ ಜಾಸ್ತಿ ಇದ್ದರೆ, ಒರಟು ಗಟ್ಟಿ ಗಡ್ಡೆ ಇದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅನುಮಾನ ಇನ್ನೂ ಏರುತ್ತದೆ. ಅಂಡಾಶಯದ ಕ್ಯಾನ್ಸರ್ ಸುಳಿವಿಗೆ ಮಾಡುವ ಸಿಎ-125 ರಕ್ತಪರೀಕ್ಷೆಯಲ್ಲಿ ಅವರಿಗೆ 28 ಬಂದಿತ್ತು, ಮಿತಿ 35, ನಾರ್ಮಲ್. ಅದನ್ನು ನಂಬಿ ಬಿಡಬಾರದು, ಶುರುವಿನ ಹಂತದಲ್ಲಿ ಈ ಪರೀಕ್ಷೆ ಎಷ್ಟೋ ಸಲ ಏರಿರುವುದೇ ಇಲ್ಲ. ತಿರುಗಾಮುರುಗಾ ಕೂಡ ಆಗುತ್ತದೆ, ಮುಟ್ಟಿನ ಸಮಯದಲ್ಲಿ, ಚಾಕೊಲೇಟ್ ಸಿಸ್ಟ್‌ನಲ್ಲಿ, ಹೊಟ್ಟೆಯ ಕ್ಷಯದಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಏರುತ್ತದೆ. ನಮ್ಮಲ್ಲಿ ಕ್ಷಯ ಜಾಸ್ತಿ ಇರುವುದರಿಂದ ಇದು ಮುಖ್ಯ.

ಅವರನ್ನು ಕ್ಯಾನ್ಸರ್ ಆಪರೇಷನ್ ಮಾಡುವ ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆವು. ಇಂಥ ಸಿಸ್ಟ್‌ಗೆ ಸೂಜಿ ಹಾಕಿ ನೀರು ತೆಗೆಯಬಾರದು, ಆಪರೇಷನ್ನಲ್ಲೂ ಒಡೆಯದೆ ಇಡೀ ಸಿಸ್ಟನ್ನು ಬೇರೊಂದು ಚೀಲದೊಳಗೆ ಹಾಕಿ ಹೊರತೆಗೆಯಬೇಕು. ಒಳಗೆ ಕ್ಯಾನ್ಸರ್ ಇದ್ದು ಹೊಟ್ಟೆಯಲ್ಲಿ ಚೆಲ್ಲಿದರೆ ಕಾಯಿಲೆಯ ಹಂತವೇ ಮುಂದಕ್ಕೆ ಹೋಗುತ್ತದೆ. ಅವರದ್ದು ಒಡೆಯದೆ ಬಂತು. ಪರೀಕ್ಷೆಯಲ್ಲಿ ಬಾರ್ಡರ್‌ಲೈನ್ ಅಂತ ಬಂತು, ಪೂರ್ತಿ ಕ್ಯಾನ್ಸರ್ ಅಲ್ಲ, ಪೂರ್ತಿ ನಿರಪಾಯವೂ ಅಲ್ಲ. ಈಗ ಚೆಕಪ್‌ಗೆ ಬರುತ್ತಿದ್ದಾರೆ.

31 ವರ್ಷದವರು ಹೇಳಿದಂತೆ ಒಂಬತ್ತು ವಾರಕ್ಕೆ, 6ನೇ ದಿನ ಬಂದರು. ಬಲ ಅಂಡಾಶಯದಲ್ಲಿ 6, 7 ಮಿ.ಮೀ. ಇರುವ ನಾಲ್ಕೈದು ಪುಟ್ಟ ಚೀಲಗಳು, ಅಷ್ಟೇ. ಸಿಸ್ಟ್ ಇರಲಿಲ್ಲ. ಅವರು ಪರದೆ ನೋಡುತ್ತಾ, "ಮತ್ತೆ ಹೀಗೆ ಆಗುತ್ತಾ ಮೇಡಂ?" ಅಂತ ಕೇಳಿದರು. ಆಗಬಹುದು ಅಂದೆ. ಪದೇ ಪದೇ ಆದರೆ ಮೊಟ್ಟೆ ಬಿಡುವುದನ್ನೇ ತಡೆಯುವ ಮಾತ್ರೆ ಕೊಡುತ್ತಾರೆ, ಹೊಸದು ಆಗದ ಹಾಗೆ ಅದು ನೋಡಿಕೊಳ್ಳುತ್ತದೆ, ಆದರೆ ಆಗಲೇ ಇರುವ ಸಿಸ್ಟನ್ನು ಆ ಮಾತ್ರೆ ಕರಗಿಸುವುದಿಲ್ಲ.