ಪದ ಪರಿಚಯ: 3-2-1 ಬ್ಯಾಕಪ್

ಒಂದು ಫೈಲಿಗೆ 3 ಪ್ರತಿ, ಅವು ಕನಿಷ್ಠ 2 ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಪ್ರತಿ ಮನೆಯಿಂದ ಹೊರಗೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಈ ಸೂತ್ರ ಜನಪ್ರಿಯವಾಯಿತು. ಲ್ಯಾಪ್‌ಟಾಪ್‌ನಲ್ಲಿರುವ ಮೂಲ ಫೈಲೂ ಮೂರರ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಹೊಸದಾಗಿ ಮಾಡಬೇಕಾದ್ದು ಎರಡೇ: ಎಕ್ಸ್‌ಟರ್ನಲ್ ಡ್ರೈವ್‌ನಲ್ಲೊಂದು, ಕ್ಲೌಡ್‌ನಲ್ಲೊಂದು.

ಇಲ್ಲಿ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದ ಪದ ‘ಪ್ರತಿ’. ಒಂದನ್ನು ಹಾಳುಮಾಡಿದ ಕಾರಣವೇ ಇನ್ನೊಂದನ್ನೂ ಹಾಳುಮಾಡುವಂತಿದ್ದರೆ ಅವೆರಡನ್ನೂ ಸೇರಿಸಿ ಒಂದೇ ಎಂದು ಎಣಿಸಬೇಕು. ಲ್ಯಾಪ್‌ಟಾಪ್‌ನ D ಡ್ರೈವ್‌ಗೆ ಕಾಪಿ ಮಾಡಿಟ್ಟದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ C, D ಎರಡೂ ಒಂದೇ ಡಿಸ್ಕಿನ ಭಾಗಗಳು. ಸದಾ ಸಿಕ್ಕಿಸಿಯೇ ಇರುವ ಎಕ್ಸ್‌ಟರ್ನಲ್ ಡ್ರೈವ್ ಕೂಡ ಅರೆಬರೆ ಪ್ರತಿ. ಫೈಲುಗಳನ್ನು ಬೀಗ ಹಾಕುವ ರ‍್ಯಾನ್ಸಮ್‌ವೇರ್ ಬಂದರೆ ಅದರೊಳಗೂ ನುಗ್ಗುತ್ತದೆ.

ಹೆಚ್ಚು ಮಂದಿ ಎಡವುವುದು ಕ್ಲೌಡ್ ವಿಷಯದಲ್ಲಿ. ಗೂಗಲ್ ಡ್ರೈವ್, ವನ್‌ಡ್ರೈವ್‌ಗಳು ಮಾಡುವುದು ಸಿಂಕ್: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಳಿಸಿದ್ದು ಅವುಗಳ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ (ವನ್‌ಡ್ರೈವ್‌ನಲ್ಲಿ ಇದು ವೈಯಕ್ತಿಕ ಖಾತೆಯ ಮಾತು). ಮೂವತ್ತೊಂದನೆಯ ದಿನ ತಪ್ಪು ಗೊತ್ತಾದರೆ ಕ್ಲೌಡ್ ಕೈಕೊಟ್ಟಂತೆಯೇ. ವನ್‌ಡ್ರೈವ್‌ನಲ್ಲಿ ಇನ್ನೊಂದು ತೊಡಕಿದೆ. ಜಾಗ ಉಳಿಸಲೆಂದು ಕೆಲವು ಫೈಲುಗಳ ಹೆಸರನ್ನಷ್ಟೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡು ಒಳಗಿನದ್ದನ್ನು ಕ್ಲೌಡ್‌ನಲ್ಲೇ ಬಿಟ್ಟಿರುತ್ತದೆ. ಫೈಲಿನ ಪಕ್ಕ ಮೋಡದ ಗುರುತಿದ್ದರೆ ಮೂಲ ಪ್ರತಿ ನಿಮ್ಮ ಬಳಿ ಇಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ Always keep on this device ಆರಿಸಿದರೆ ಅದು ಕೆಳಗಿಳಿಯುತ್ತದೆ.

ಈಗ ಒಂದು ಲೆಕ್ಕ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ 120 ಜಿಬಿ ದಾಖಲೆ, ಫೋಟೋಗಳಿವೆ. 1 ಟಿಬಿ ಹಾರ್ಡ್ ಡಿಸ್ಕ್ ಇದೆ ಎಂದುಕೊಳ್ಳಿ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಪೂರ್ತಿ ಕಾಪಿಗೆ 20 ನಿಮಿಷ ಬೇಕು. ಸಣ್ಣ ಸಣ್ಣ ಫೈಲುಗಳು ಸಾವಿರಗಟ್ಟಲೆ ಇದ್ದರೆ ಇನ್ನೂ ಹೆಚ್ಚು. ಕ್ಲೌಡ್‌ಗೆ ಹತ್ತಿಸುವುದು ನಿಧಾನ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ ಸುಮಾರು 27 ಗಂಟೆ ಹಿಡಿಯುತ್ತದೆ. ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ಅದೂ ನಿಲ್ಲುತ್ತದೆ, ಆದ್ದರಿಂದ ಮೊದಲ ಸಲ ಚಾರ್ಜರ್ ಹಾಕಿ ಸ್ಲೀಪ್ ಆಫ್ ಮಾಡಿಡಿ.

ಡ್ರೈವ್‌ನಲ್ಲಿ ತಿಂಗಳಿಗೊಂದು ಫೋಲ್ಡರ್ ಮಾಡಿ. ವಾರಕ್ಕೊಮ್ಮೆ ಡ್ರೈವ್ ಸಿಕ್ಕಿಸಿ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ನಡೆಸಿ (E ಎಂಬುದು ನಿಮ್ಮ ಡ್ರೈವ್‌ನ ಅಕ್ಷರವಾಗಿರಲಿ, 2025-06 ಎಂಬುದು ಆ ತಿಂಗಳ ಫೋಲ್ಡರ್‌ನ ಹೆಸರಾಗಿರಲಿ):

```
robocopy "%USERPROFILE%\Documents" "E:\2025-06\Documents" /E /XJ /R:2 /W:5
```

ಫೋಟೋಗಳಿಗೆ ಎರಡೂ ಕಡೆ Documents ಬದಲು Pictures ಹಾಕಿ. ಆ ತಿಂಗಳ ಮೊದಲ ಸಲ ಎಲ್ಲವೂ ಕಾಪಿ ಆಗುತ್ತದೆ, ಮುಂದಿನ ವಾರಗಳಲ್ಲಿ ಬದಲಾದದ್ದು ಮಾತ್ರ. ಕೊನೆಯ ಎರಡು ಸೂಚನೆಗಳನ್ನು ಬಿಡಬೇಡಿ. ತೆರೆದಿರುವ ಫೈಲೊಂದು ಕಾಪಿ ಆಗದಿದ್ದರೆ ರೋಬೊಕಾಪಿ ತಾನಾಗಿ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಇಲ್ಲಿ ಎರಡೇ ಸಲಕ್ಕೆ ನಿಲ್ಲಿಸಿದ್ದೇವೆ. `/E` ಬದಲು `/MIR` ಹಾಕಲು ಹಲವರು ಹೇಳುತ್ತಾರೆ, ನಾವು ಹೇಳುವುದಿಲ್ಲ. ಅದು ಮೂಲದಲ್ಲಿ ಇಲ್ಲದ್ದನ್ನೆಲ್ಲ ಡ್ರೈವ್‌ನಿಂದಲೂ ಅಳಿಸುತ್ತದೆ. ತಪ್ಪಿ ಖಾಲಿ ಫೋಲ್ಡರ್ ತೋರಿಸಿದರೆ ಬ್ಯಾಕಪ್ಪೇ ಖಾಲಿ.

ಹಾಗೆ ತಪ್ಪುವುದು ಸುಲಭ. ವನ್‌ಡ್ರೈವ್‌ನ ಫೋಲ್ಡರ್ ಬ್ಯಾಕಪ್ ಆನ್ ಇದ್ದರೆ ನಿಮ್ಮ ಫೈಲುಗಳೆಲ್ಲ `%OneDrive%\Documents` ಒಳಗೆ ಹೋಗಿರುತ್ತವೆ, ಹಳೆಯ ಜಾಗದಲ್ಲಿ ಏನೂ ಇರುವುದಿಲ್ಲ. ಆಗ ಕಮಾಂಡ್‌ನಲ್ಲೂ ಆ ದಾರಿಯನ್ನೇ ಕೊಡಬೇಕು. ಕೆಲಸ ಮುಗಿದಾಗ ಬರುವ ಪಟ್ಟಿಯಲ್ಲಿ Files ಸಾಲಿನ Total ನಿಮ್ಮ ಅಂದಾಜಿಗೆ ಹೊಂದುತ್ತದೆಯೇ, FAILED ಸೊನ್ನೆಯೇ ನೋಡಿ. ಆಮೇಲೆ ಇಜೆಕ್ಟ್ ಮಾಡಿ ಡ್ರೈವ್ ಬಿಚ್ಚಿಡಿ.

ತಿಂಗಳಿಗೊಂದು ಫೋಲ್ಡರ್ ಏಕೆಂದರೆ, ಕೆಟ್ಟುಹೋದ ಫೈಲೂ ‘ಬದಲಾದ ಫೈಲ್’ ಎಂದೇ ಕಾಪಿ ಆಗಿ ಒಳ್ಳೆಯದರ ಮೇಲೆ ಕೂರುತ್ತದೆ. ಹಿಂದಿನ ತಿಂಗಳದ್ದು ಬೇರೆಯಾಗಿದ್ದರೆ ಅಲ್ಲಿ ಸರಿಯಾದದ್ದು ಸಿಗುತ್ತದೆ. 120 ಜಿಬಿಯಂತೆ ಏಳು ತಿಂಗಳಿಗೆ 840 ಜಿಬಿ, ಡಿಸ್ಕಿನಲ್ಲಿ ಹಿಡಿಸುತ್ತದೆ. ಎಂಟನೆಯದಕ್ಕೆ ಮೊದಲು ಅತ್ಯಂತ ಹಳೆಯದನ್ನು ಅಳಿಸಿ.

ಮೂರು ತಿಂಗಳಿಗೊಮ್ಮೆ ಡ್ರೈವ್‌ನಿಂದ ಒಂದು, ಕ್ಲೌಡ್‌ನಿಂದ ಒಂದು ಫೈಲನ್ನು ಬೇರೆ ಫೋಲ್ಡರ್‌ಗೆ ತಂದು ತೆರೆದು ನೋಡಿ. ಕ್ಲೌಡ್‌ನ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ತೆಗೆಯುವುದು ಇನ್ನೂ ಒಳ್ಳೆಯದು. ಪಾಸ್‌ವರ್ಡ್ ಲ್ಯಾಪ್‌ಟಾಪ್‌ನೊಳಗೆ ಮಾತ್ರ ಇದ್ದರೆ, ಲ್ಯಾಪ್‌ಟಾಪ್ ಕಳೆದುಹೋಗುವ ಮೊದಲೇ ಅದು ಗೊತ್ತಾಗುತ್ತದೆ.