ವಿಮಾನದ ಟಿಕೆಟ್‌ಗೆಂದೇ ಒಂದು ಕ್ರೆಡಿಟ್ ಕಾರ್ಡ್ ಬೇಕಾ?

ಪ್ರಶ್ನೆ: ನಾನು ವರ್ಷಕ್ಕೆ ನಾಲ್ಕು ಸಲ ವಿಮಾನದಲ್ಲಿ ಹೋಗಿ ಬರುತ್ತೇನೆ. ಅದರಲ್ಲಿ ಒಂದು ಸಲ ಹೊರದೇಶಕ್ಕೆ. ಈಗ ನನ್ನ ಹತ್ತಿರ ಇರುವುದು ವಾರ್ಷಿಕ ಶುಲ್ಕ ಇಲ್ಲದ, ಯಾವುದಕ್ಕೆ ಖರ್ಚು ಮಾಡಿದರೂ 2% ವಾಪಸ್ ಕೊಡುವ ಸಾದಾ ಕಾರ್ಡ್. ಬ್ಯಾಂಕಿನವರು ಟ್ರಾವೆಲ್ ಕಾರ್ಡ್ ತಗೊಳ್ಳಿ ಎನ್ನುತ್ತಿದ್ದಾರೆ. ಪಾಯಿಂಟ್, ಲೌಂಜ್, ಇನ್ಶೂರೆನ್ಸ್ ಎಲ್ಲ ಸಿಗುತ್ತದಂತೆ. ತಗೊಳ್ಳಲಾ?

ಉತ್ತರ: ಕಾರ್ಡಿನ ಕರಪತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಳೆದ ವರ್ಷ ಕೊಂಡ ಟಿಕೆಟ್‌ಗಳ ಇಮೇಲ್‌ಗಳನ್ನು ಹುಡುಕಿ ತೆಗೆಯಿರಿ. ಪ್ರತಿಯೊಂದಕ್ಕೂ ಮೂರು ವಿಷಯ ಬರೆದುಕೊಳ್ಳಿ. ಎಷ್ಟು ಕೊಟ್ಟಿರಿ, ಎಲ್ಲಿ ಕೊಂಡಿರಿ, ಯಾವ ದೇಶದ ಹಣದಲ್ಲಿ ಬಿಲ್ ಆಯಿತು. ನಿಮ್ಮ ಪ್ರಶ್ನೆಗೆ ಅರ್ಧಕ್ಕಿಂತ ಜಾಸ್ತಿ ಉತ್ತರ ಆ ಚೀಟಿಯಲ್ಲೇ ಇರುತ್ತದೆ.

ಮೊದಲು ಪಾಯಿಂಟಿನ ವಿಷಯ. "100ಕ್ಕೆ 5 ಪಾಯಿಂಟ್" ಎಂದ ಕೂಡಲೇ ನಮ್ಮ ತಲೆ ಅದನ್ನು 5% ಎಂದು ಓದಿಬಿಡುತ್ತದೆ. ಪಾಯಿಂಟ್ ಹಣ ಅಲ್ಲ. ಅದರ ಬೆಲೆಯನ್ನು ನಾವೇ ಕಂಡುಹಿಡಿಯಬೇಕು, ಅದೇನೂ ಕಷ್ಟವಲ್ಲ. ನೀವು ನಿಜವಾಗಿಯೂ ಹೋಗುವ ಒಂದು ಊರಿಗೆ, ನೀವು ಹೋಗುವಂಥ ದಿನಕ್ಕೆ ಟಿಕೆಟ್ ಹುಡುಕಿ. ದುಡ್ಡು ಕೊಟ್ಟು ಕೊಂಡರೆ 900 ಎಂದು ತೋರಿಸುತ್ತದೆ ಎಂದಿಟ್ಟುಕೊಳ್ಳೋಣ (ಯಾವ ದೇಶದ ಹಣವಾದರೂ ಸರಿ, ಲೆಕ್ಕ ಒಂದೇ). ಅದೇ ಸೀಟು ಪಾಯಿಂಟ್‌ಗೆ ಕೊಂಡರೆ 1,000 ಪಾಯಿಂಟ್, ಜೊತೆಗೆ ತೆರಿಗೆ ಮತ್ತು ಇತರ ಶುಲ್ಕ 100. ಆ 100 ಹೇಗಿದ್ದರೂ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ 1,000 ಪಾಯಿಂಟ್ ಉಳಿಸಿದ್ದು 800. ಒಂದು ಪಾಯಿಂಟಿಗೆ 0.8. ಈ ತೆರಿಗೆಯ ಭಾಗವನ್ನು ಕಳೆಯದೆ ಲೆಕ್ಕ ಹಾಕುವವರೇ ಜಾಸ್ತಿ. ಕೆಲವು ಏರ್‌ಲೈನ್‌ಗಳು ಪಾಯಿಂಟ್ ಟಿಕೆಟ್ ಮೇಲೂ ಇಂಧನದ ಹೆಸರಲ್ಲಿ ದೊಡ್ಡ ಶುಲ್ಕ ಹಾಕುತ್ತವೆ. ಅಲ್ಲಿ 0.8 ಇದ್ದದ್ದು 0.5ಕ್ಕೂ ಇಳಿಯಬಹುದು.

ಈಗ ನಿಮ್ಮ ಚೀಟಿಗೆ ಬರೋಣ. ನಾಲ್ಕು ಪ್ರಯಾಣಕ್ಕೆ ಒಟ್ಟು 10,000 ಖರ್ಚಾಗಿದೆ ಎಂದುಕೊಳ್ಳಿ. ಅದರಲ್ಲಿ 6,000 ಏರ್‌ಲೈನಿನ ಸ್ವಂತ ವೆಬ್‌ಸೈಟಿನಲ್ಲಿ, 4,000 ಬುಕಿಂಗ್ ಆ್ಯಪ್ ಒಂದರಲ್ಲಿ. ಟ್ರಾವೆಲ್ ಕಾರ್ಡಿನ ವಾರ್ಷಿಕ ಶುಲ್ಕ 250. ಏರ್‌ಲೈನ್ ಖರ್ಚಿಗೆ 100ಕ್ಕೆ 5 ಪಾಯಿಂಟ್, ಉಳಿದದ್ದಕ್ಕೆ 1. ಮೊದಲ ಭಾಗಕ್ಕೆ 300 ಪಾಯಿಂಟ್ ಬಂತು. ಎರಡನೆಯದಕ್ಕೆ ಬರೀ 40. ಒಟ್ಟು 340, ಅಂದರೆ 272ರಷ್ಟು ಬೆಲೆ. ಶುಲ್ಕ ಕಳೆದರೆ ಕೈಗೆ ಉಳಿಯುವುದು 22. ನಿಮ್ಮ ಸಾದಾ ಕಾರ್ಡು ಅದೇ ಖರ್ಚಿಗೆ ಸದ್ದಿಲ್ಲದೆ 200 ಕೊಡುತ್ತಿತ್ತು.

ಆ್ಯಪಿನಲ್ಲಿ ಕೊಂಡದ್ದೂ ವಿಮಾನದ ಟಿಕೆಟ್ಟೇ ಅಲ್ವಾ, ಮತ್ತೇಕೆ 1 ಪಾಯಿಂಟ್ ಅಂತ ಕೇಳುತ್ತೀರಿ. ಕಾರ್ಡ್ ಕಂಪನಿಗೆ ನೀವು ಏನು ಕೊಂಡಿರಿ ಎಂಬುದು ಸಾಮಾನ್ಯವಾಗಿ ಕಾಣುವುದಿಲ್ಲ. ಯಾರಿಗೆ ದುಡ್ಡು ಹೋಯಿತು ಎಂಬುದು ಕಾಣುತ್ತದೆ. ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ, ಅದನ್ನು ಮರ್ಚೆಂಟ್ ಕೆಟಗರಿ ಕೋಡ್ ಎನ್ನುತ್ತಾರೆ. ಏರ್‌ಲೈನ್‌ಗಳಿಗೆ 4511, ಅಥವಾ ದೊಡ್ಡ ಏರ್‌ಲೈನ್‌ಗಳಿಗೆ 3000ದಿಂದ ಶುರುವಾಗುವ ಅವುಗಳದ್ದೇ ಕೋಡ್‌ಗಳು. ಟ್ರಾವೆಲ್ ಏಜೆನ್ಸಿಗೆ 4722. ಬುಕಿಂಗ್ ಆ್ಯಪ್ ತಾನೇ ದುಡ್ಡು ವಸೂಲಿ ಮಾಡಿದರೆ ಅದು ಏಜೆನ್ಸಿ ಖರ್ಚು. ವಿಮಾನ, ಹೋಟೆಲ್ ಸೇರಿಸಿದ ಪ್ಯಾಕೇಜ್ ಕೂಡ ಸಾಮಾನ್ಯವಾಗಿ ಹಾಗೆಯೇ. ಕಾರ್ಡಿನ ನಿಯಮದಲ್ಲಿ "ಏರ್‌ಲೈನ್" ಎಂದಿದೆಯೋ, "ಟ್ರಾವೆಲ್" ಎಂದಿದೆಯೋ ನೋಡಿ. ಒಂದು ಪದದ ವ್ಯತ್ಯಾಸ, ನಮ್ಮ ಲೆಕ್ಕದಲ್ಲಿ 160 ಪಾಯಿಂಟ್ ಆಚೆ ಈಚೆ. ಕಾರ್ಡ್ ಈಗಾಗಲೇ ಕೈಯಲ್ಲಿದ್ದರೆ ಪರೀಕ್ಷೆಯೂ ಸುಲಭ. ಸೀಟು ಆರಿಸುವ ಶುಲ್ಕದಂಥ ಚಿಕ್ಕದೊಂದನ್ನು ಅದರಲ್ಲಿ ಕಟ್ಟಿ, ಸ್ಟೇಟ್‌ಮೆಂಟಿನಲ್ಲಿ ಎಷ್ಟು ಪಾಯಿಂಟ್ ಬಿತ್ತು ನೋಡಿ. ಆಮೇಲೆ ದೊಡ್ಡ ಟಿಕೆಟ್ ಕೊಳ್ಳಿ.

ಸರಿ, ಇನ್ನು ಮೇಲೆ ಎಲ್ಲ ಟಿಕೆಟ್‌ಗಳನ್ನೂ ಏರ್‌ಲೈನಿನಲ್ಲೇ ಕೊಳ್ಳುತ್ತೇನೆ ಎನ್ನುತ್ತೀರಾ? ಆಗ 500 ಪಾಯಿಂಟ್, ಬೆಲೆ 400, ಶುಲ್ಕ ಕಳೆದು 150. ಇನ್ನೂ ಸಾದಾ ಕಾರ್ಡೇ ಮುಂದೆ.

ಲೌಂಜಿಗೆ ಜಾಸ್ತಿ ಹೊತ್ತು ಬೇಕಿಲ್ಲ. ನಾಲ್ಕು ಸಲ ಹೋಗಿ ಬಂದರೆ ಎಂಟು ಸಲ ವಿಮಾನ ಹತ್ತುತ್ತೀರಿ. ಹಾಗಂತ ಎಂಟು ಸಲವೂ ಲೌಂಜಿನಲ್ಲಿ ಕೂರುತ್ತೀರಾ? ಬೆಳಗಿನ ಜಾವದ ವಿಮಾನಕ್ಕೆ ಓಡಿ ಹೋಗುವ ದಿನ ಲೌಂಜ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪ್ರಯಾರಿಟಿ ಪಾಸ್, ಲೌಂಜ್‌ಕೀ, ಡ್ರ್ಯಾಗನ್‌ಪಾಸ್ ಇಂಥ ಜಾಲಗಳ ಮೂಲಕ ಕಾರ್ಡ್‌ಗಳು ಈ ಸೌಲಭ್ಯ ಕೊಡುತ್ತವೆ. ಆ ಜಾಲದ ಪಟ್ಟಿಯಲ್ಲಿ ನಿಮ್ಮ ವಿಮಾನ ನಿಲ್ದಾಣ ಇದ್ದರೆ ಸಾಲದು, ನೀವು ಹತ್ತುವ ಟರ್ಮಿನಲ್ ಇರಬೇಕು. ಜನ ತುಂಬಿದರೆ ಕಾರ್ಡ್ ಇದ್ದರೂ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಜೊತೆಗೆ ಬಂದವರಿಗೆ ಎಷ್ಟೋ ಕಾರ್ಡ್‌ಗಳಲ್ಲಿ ಬೇರೆ ಶುಲ್ಕ. ಇದನ್ನೆಲ್ಲ ನೋಡಿ ನಾನು ನಿಮಗೆ ವರ್ಷಕ್ಕೆ ಮೂರು ಭೇಟಿ ಕೊಡುತ್ತೇನೆ. ಬೆಲೆ ಎಷ್ಟು? ಲೌಂಜ್ ತನ್ನ ಬಾಗಿಲಲ್ಲಿ ಕೇಳುವ ದರ ಅಲ್ಲ. ಲೌಂಜ್ ಇಲ್ಲದಿದ್ದರೆ ನೀವು ಹೊರಗೆ ಕಾಫಿ ತಿಂಡಿಗೆ ಕೊಡುತ್ತಿದ್ದಷ್ಟು. 15 ಎಂದಿಡಿ, ಒಟ್ಟು 45. ಈಗ ಟ್ರಾವೆಲ್ ಕಾರ್ಡ್ 195, ಸಾದಾ ಕಾರ್ಡ್ 200. ಹತ್ತಿರ ಹತ್ತಿರ ಬಂತು.

ಇಲ್ಲಿ ನಿಮ್ಮ ಹೊರದೇಶದ ಪ್ರಯಾಣ ಲೆಕ್ಕವನ್ನು ತಿರುಗಿಸುತ್ತದೆ. ಹೊರದೇಶದ ಹಣದಲ್ಲಿ ಬಿಲ್ ಆದರೆ ಅನೇಕ ಕಾರ್ಡ್‌ಗಳು ಅದರ ಮೇಲೆ 3%ರ ಆಸುಪಾಸು ಹೆಚ್ಚುವರಿ ಶುಲ್ಕ ಹಾಕುತ್ತವೆ. 2,000ದ ಟಿಕೆಟ್ ಹಾಗೆ ಬಿಲ್ ಆದರೆ ಸಾದಾ ಕಾರ್ಡಿನಲ್ಲಿ 60 ಹೋಯಿತು, ಉಳಿದದ್ದು 140. ಟ್ರಾವೆಲ್ ಕಾರ್ಡಿನಲ್ಲಿ ಈ ಶುಲ್ಕ ಇಲ್ಲದಿದ್ದರೆ 195 ಹಾಗೇ ನಿಲ್ಲುತ್ತದೆ. ಬ್ಯಾಂಕಿನವರು ಪಾಯಿಂಟ್ ಬಗ್ಗೆ ಹತ್ತು ಮಾತಾಡುತ್ತಾರೆ, ಈ ಶುಲ್ಕದ ಬಗ್ಗೆ ನೀವಾಗಿ ಕೇಳಬೇಕು.

ಇನ್ನು ಇನ್ಶೂರೆನ್ಸ್. ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಮ್ಮೆ ಹೊರದೇಶಕ್ಕೆ ಹೋದಾಗ ನಾನು ಬಂದಿಳಿದೆ, ನನ್ನ ಸೂಟ್‌ಕೇಸ್ ಬರಲಿಲ್ಲ. ಬೆಲ್ಟ್ ಮೇಲೆ ಯಾರದ್ದೋ ಒಂದು ನೀಲಿ ಚೀಲ ಮಾತ್ರ ಸುತ್ತುತ್ತಿತ್ತು. ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿ ಚೀಟಿ ತಗೊಂಡೆ. ಸೂಟ್‌ಕೇಸ್ ಸಿಕ್ಕಿದ್ದು ಎರಡು ದಿನದ ಮೇಲೆ. ಅಷ್ಟರಲ್ಲಿ ಎರಡು ಅಂಗಿ, ಒಳಬಟ್ಟೆ, ಹಲ್ಲುಜ್ಜುವ ಸಾಮಾನು ಕೊಂಡಿದ್ದೆ. ಬಿಲ್ಲುಗಳೆಲ್ಲ ಜೋಪಾನ. ನನ್ನ ಕಾರ್ಡಿನಲ್ಲಿ ಬ್ಯಾಗೇಜ್ ತಡವಾದರೆ ಕವರ್ ಇದೆ ಎಂಬ ಧೈರ್ಯದಲ್ಲಿ ಊರಿಗೆ ಬಂದು ಕ್ಲೇಮ್ ಹಾಕಿದೆ. ಅವರು ಒಂದೇ ಕಾಗದ ಕೇಳಿದರು, ಟಿಕೆಟಿನ ಹಣ ಈ ಕಾರ್ಡಿನಿಂದ ಹೋಗಿದೆ ಎಂದು ತೋರಿಸುವ ಸ್ಟೇಟ್‌ಮೆಂಟ್. ನಾನು ಆ ಟಿಕೆಟನ್ನು ಹಳೆಯ ಏರ್‌ಲೈನ್ ಪಾಯಿಂಟ್‌ನಲ್ಲಿ ಕೊಂಡಿದ್ದೆ. ತೆರಿಗೆಯನ್ನು ಆ ಹೊತ್ತಿಗೆ ಕೈಗೆ ಸಿಕ್ಕ ಬೇರೆ ಕಾರ್ಡಿನಲ್ಲಿ ಕಟ್ಟಿದ್ದೆ. ಕ್ಲೇಮ್ ತಿರಸ್ಕೃತ. ಅವರದ್ದು ತಪ್ಪಿರಲಿಲ್ಲ, ನಿಯಮದಲ್ಲಿ ಹಾಗೆಯೇ ಇತ್ತು. ಓದದೆ ಹೋದವನು ನಾನು.

ಕಾರ್ಡಿನ ಕವರ್ ಬಹುಪಾಲು ಕಾರ್ಡಿಗೆ ಅಂಟಿರುವುದಿಲ್ಲ, ಆ ಕಾರ್ಡಿನಿಂದ ಕಟ್ಟಿದ ಟಿಕೆಟಿಗೆ ಅಂಟಿರುತ್ತದೆ. ಕೆಲವು ಪಾಲಿಸಿಗಳಲ್ಲಿ ಪೂರ್ತಿ ಹಣ ಅದೇ ಕಾರ್ಡಿನಿಂದ ಹೋಗಿರಬೇಕು. ಕೆಲವುಗಳಲ್ಲಿ ಒಂದು ಭಾಗ ಹೋದರೂ ಸಾಕು, ಪಾಯಿಂಟ್ ಟಿಕೆಟಿನ ತೆರಿಗೆ ಕಟ್ಟಿದರೂ ನಡೆಯುತ್ತದೆ. ನನ್ನ ಪಾಲಿಸಿ ಎರಡನೇ ಥರದ್ದಾಗಿತ್ತು ಎನ್ನುವುದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಆ ಚಿಕ್ಕ ತೆರಿಗೆಯನ್ನು ಸರಿಯಾದ ಕಾರ್ಡಿನಲ್ಲಿ ಕಟ್ಟಿದ್ದರೆ ಮುಗಿಯುತ್ತಿತ್ತು.

ಆದರೂ ದುಡ್ಡು ಪೂರ್ತಿ ಮುಳುಗಲಿಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗೇಜ್ ತಡವಾದರೆ ಏರ್‌ಲೈನಿಗೇ ಹೊಣೆ ಇದೆ. 1999ರ ಮಾಂಟ್ರಿಯಲ್ ಒಪ್ಪಂದ ಹಾಗೆ ಹೇಳುತ್ತದೆ, ತುಂಬಾ ದೇಶಗಳು ಅದನ್ನು ಒಪ್ಪಿವೆ. ತಡವಾಗಿ ಬಂದ ಬ್ಯಾಗ್ ಕೈಸೇರಿದ 21 ದಿನದೊಳಗೆ ಲಿಖಿತವಾಗಿ ದೂರು ಕೊಡಬೇಕು. ಬ್ಯಾಗ್ ಒಡೆದು ಬಂದಿದ್ದರೆ 7 ದಿನವಷ್ಟೇ. ಕೌಂಟರಿನ ಚೀಟಿಯನ್ನು ಪ್ರಾಪರ್ಟಿ ಇರ್‍ರೆಗ್ಯುಲಾರಿಟಿ ರಿಪೋರ್ಟ್ ಎನ್ನುತ್ತಾರೆ, ಎಲ್ಲರೂ ಪಿಐಆರ್ ಎನ್ನುವುದು. ಆ ಚೀಟಿ, ಬೋರ್ಡಿಂಗ್ ಪಾಸ್, ಬಿಲ್ಲುಗಳು ಇದ್ದುದರಿಂದ ಏರ್‌ಲೈನ್ ನನಗೆ ಒಂದಷ್ಟು ಕೊಟ್ಟಿತು. ಕಾರ್ಡಿನ ಇನ್ಶೂರೆನ್ಸ್‌ಗೂ ಇವೇ ಕಾಗದ ಬೇಕು. ಎಷ್ಟೋ ಪಾಲಿಸಿಗಳು ಏರ್‌ಲೈನ್ ಕೊಟ್ಟದ್ದನ್ನು ಕಳೆದು ಉಳಿದದ್ದನ್ನಷ್ಟೇ ಕೊಡುತ್ತವೆ. ಹಾಗಾಗಿ ಪಿಐಆರ್ ಇಲ್ಲದೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡಬೇಡಿ.

ಪಾಲಿಸಿ ಓದುವಾಗ ಇನ್ನೆರಡು ಕಡೆ ಕಣ್ಣಿಡಿ. ಒಂದು, ತಡ ಎಂದರೆ ಎಷ್ಟು ಗಂಟೆ. 6 ಗಂಟೆ ಎಂದಿರುವುದಕ್ಕೂ 12 ಎಂದಿರುವುದಕ್ಕೂ ತುಂಬಾ ಫರಕು, ಏಕೆಂದರೆ ವಿಮಾನ ಎಂಟೊಂಬತ್ತು ಗಂಟೆ ತಡವಾಗಿ ಹೊರಟರೆ ಮೊದಲನೆಯದರಲ್ಲಿ ಕವರ್ ಸಿಗುತ್ತದೆ, ಎರಡನೆಯದರಲ್ಲಿ ಇಲ್ಲ. ಇನ್ನೊಂದು, ಆಸ್ಪತ್ರೆ ಖರ್ಚು. "ಟ್ರಾವೆಲ್ ಇನ್ಶೂರೆನ್ಸ್" ಎಂಬ ಹೆಸರಿನ ಕೆಳಗೆ ಎಷ್ಟೋ ಸಲ ಇರುವುದು ವಿಮಾನ ಅಪಘಾತದ ಕವರ್ ಮಾತ್ರ. ಅದರ ಮೊತ್ತ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಅದನ್ನು ಕೊಡಬೇಕಾಗಿ ಬರುವುದು ತೀರಾ ಅಪರೂಪ. ಹೊರದೇಶದಲ್ಲಿ ಜ್ವರ ಬಂದರೆ, ಕಾಲು ಮುರಿದರೆ ಅದು ಒಂದು ಪೈಸೆಯನ್ನೂ ಕೊಡುವುದಿಲ್ಲ. ಅಂಥ ಕಾರ್ಡ್ ಇದ್ದರೆ ವೈದ್ಯಕೀಯ ಪಾಲಿಸಿಯನ್ನು ಬೇರೆ ಕೊಳ್ಳಲೇಬೇಕು, ಆಗ ಕಾರ್ಡಿನ ಕವರಿಗೆ ಲೆಕ್ಕದಲ್ಲಿ ಸೊನ್ನೆ ಹಾಕಿ.

ನಿಮ್ಮ ವಿಷಯಕ್ಕೆ ಬಂದರೆ, ಹೊರದೇಶದ ಹಣದ ಶುಲ್ಕ ಇಲ್ಲ, ಟಿಕೆಟಿನ ಒಂದು ಭಾಗ ಕಟ್ಟಿದರೂ ಕವರ್ ಸಿಗುತ್ತದೆ ಎಂದು ಬ್ಯಾಂಕಿನವರು ಇಮೇಲಿನಲ್ಲಿ ಬರೆದುಕೊಟ್ಟರೆ ತಗೊಳ್ಳಿ. ಬುಕಿಂಗ್ ಆ್ಯಪ್ ಬಿಡಲು ನಿಮಗೆ ಆಗಬೇಕು, ಅದು ಇನ್ನೊಂದು ಷರತ್ತು. ಸಾದಾ ಕಾರ್ಡನ್ನು ಮುಚ್ಚಿಸಬೇಡಿ, ವಿಮಾನ ಮತ್ತು ಹೊರದೇಶದ ಹಣದ ಬಿಲ್ಲು ಬಿಟ್ಟು ಬೇರೆಲ್ಲದಕ್ಕೂ ಅದೇ ವಾಸಿ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟದೆ ಬಾಕಿ ಇಡುವ ಅಭ್ಯಾಸ ಇದ್ದರೆ ಮಾತ್ರ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ, ಒಂದೆರಡು ತಿಂಗಳ ಬಡ್ಡಿಯೇ ಆ 55ರ ಲಾಭವನ್ನು ತಿಂದುಹಾಕುತ್ತದೆ. ಪಾಯಿಂಟ್‌ಗಳನ್ನು ವರ್ಷಗಟ್ಟಲೆ ಕೂಡಿಡಬೇಡಿ. ಇವತ್ತು 1,000ಕ್ಕೆ ಸಿಗುವ ಸೀಟಿಗೆ ಮುಂದಿನ ವರ್ಷ 1,300 ಕೇಳಲು ಏರ್‌ಲೈನಿಗೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಎರಡನೇ ವರ್ಷದ ಶುಲ್ಕ ಬೀಳುವ ಒಂದು ತಿಂಗಳ ಮುಂಚೆ ಇದೇ ಚೀಟಿಯನ್ನು ಮತ್ತೆ ಬರೆಯಿರಿ, ಈ ಸಲ ಲೌಂಜಿಗೆ ನಿಜವಾಗಿ ಎಷ್ಟು ಸಲ ಹೋದಿರಿ ಎಂಬುದನ್ನು ಸೇರಿಸಿ.